ಆಟದ ವಿಡಿಯೊದಲ್ಲಿ ಎರಡು ಕ್ಯಾಮೆರಾ, ಎರಡು ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರಿನಿಂದ ಮೇ ತಿಂಗಳವರೆಗೆ ನನಗೆ ಬರುವ ಕೆಲಸದಲ್ಲಿ ಹೆಚ್ಚಿನದು ಯಕ್ಷಗಾನದ್ದು. ಹರಕೆ ಆಟ ಆಡಿಸಿದ ಮನೆಯವರು ಹಾರ್ಡ್ ಡಿಸ್ಕ್ ತಂದು ಕೊಡುತ್ತಾರೆ. ಅದರಲ್ಲಿ ಒಂದು ಒಳ್ಳೆಯ ಕ್ಯಾಮೆರಾದ ಫೈಲ್, ಅಳಿಯನ ಫೋನಿನ ಫೈಲ್, ಚೌಕಿಯಲ್ಲಿ ಯಾರೋ ತೆಗೆದ ಇನ್ನಷ್ಟು ಇರುತ್ತವೆ. ಮೂರನ್ನೂ ಸಾಲಾಗಿ ಜೋಡಿಸಿದರೆ ಮೂರು ಬೇರೆ ಬೇರೆ ರಾತ್ರಿಗಳಂತೆ ಕಾಣುತ್ತದೆ. ಈ ವಿಷಯದಲ್ಲಿ ಹೊಸಬರು ಕೇಳುವುದಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ನಾನು ಬಳಸುವುದು DaVinci Resolve ಎಂಬ ಎಡಿಟಿಂಗ್ ಸಾಫ್ಟ್‌ವೇರ್, ಇಲ್ಲಿ ಹೇಳಿದ್ದೆಲ್ಲ ಅದರ ಉಚಿತ ಆವೃತ್ತಿಯಲ್ಲೇ ಆಗುತ್ತದೆ. ಉದಾಹರಣೆಗೆ ಸುರತ್ಕಲ್ ಕಡೆಯ ಗದ್ದೆಯೊಂದರಲ್ಲಿ ನಡೆದ ತೆಂಕುತಿಟ್ಟಿನ ಆಟವನ್ನು ಇಟ್ಟುಕೊಳ್ಳುತ್ತೇನೆ. ನಡುವಿನಲ್ಲಿ S-Log3ಯಲ್ಲಿ ಚಿತ್ರೀಕರಿಸಿದ ಮಿರರ್‌ಲೆಸ್ ಕ್ಯಾಮೆರಾ, ಎಡಬದಿಯಲ್ಲಿ ಎಚ್‌ಡಿಆರ್ ಆನ್ ಇದ್ದ ಫೋನ್.

ರಂಗಸ್ಥಳ ಒಂದೇ, ಲೈಟೂ ಒಂದೇ. ಮತ್ತೆ ಬಣ್ಣ ಯಾಕೆ ಬೇರೆ?

ಮೂರು ಕಾರಣ ಉಂಟು, ಮೂರನ್ನೂ ಬೇರೆ ಬೇರೆಯಾಗಿಯೇ ಹಿಡಿಯಬೇಕು.

ಮೊದಲನೆಯದು, ಫೈಲಿನೊಳಗೆ ಬಣ್ಣವನ್ನು ಬರೆದಿಟ್ಟ ಲಿಪಿಯೇ ಬೇರೆ. S-Log3 ಎಂದರೆ ಹೆಚ್ಚು ಬೆಳಕಿನ ವ್ಯಾಪ್ತಿಯನ್ನು ಹಿಡಿಯಲಿಕ್ಕೆಂದು ಬೇಕಂತಲೇ ಪೇಲವವಾಗಿ ಬರೆದ ಚಿತ್ರ. ಫೋನಿನ ಎಚ್‌ಡಿಆರ್ ಸಾಮಾನ್ಯವಾಗಿ ಎಚ್‌ಎಲ್‌ಜಿ ಎಂಬ ಇನ್ನೊಂದು ಲಿಪಿ. ತುಳು ಲಿಪಿಯ ತಾಳೆಗರಿಯನ್ನು ಕನ್ನಡವೆಂದುಕೊಂಡು ಓದಲು ಹೊರಟ ಹಾಗೆ, ಪರಿವರ್ತನೆ ಮಾಡದೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅರ್ಥವಾಗುವುದಿಲ್ಲ.

ಎರಡನೆಯದು ವೈಟ್ ಬ್ಯಾಲೆನ್ಸ್, ಅಂದರೆ ಆ ಬೆಳಕಿನಲ್ಲಿ ಯಾವುದು ಬಿಳಿ ಎನ್ನುವ ಲೆಕ್ಕ. ಫೋನು ಅದನ್ನು ತಾನೇ ತೀರ್ಮಾನಿಸುತ್ತದೆ, ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಎರಡೂ ಕ್ಯಾಮೆರಾಗಳಲ್ಲಿ 5600 ಕೆಲ್ವಿನ್ ಎಂದೇ ಇಟ್ಟರೂ ಎರಡು ಕಂಪನಿಗಳ 5600 ಒಂದೇ ಆಗಿರುವುದಿಲ್ಲ. ಹಳದಿ-ನೀಲಿ ಸರಿಹೋದರೂ ಹಸಿರು-ನೇರಳೆ ಕಡೆಗೆ ವಾಲು ಉಳಿದಿರುತ್ತದೆ.

ಮೂರನೆಯದು ಫೋನಿನ ಒಳಗಿನ ಸಂಸ್ಕರಣೆ. ಅದು ಕತ್ತಲೆಯ ಭಾಗವನ್ನು ಎತ್ತುತ್ತದೆ, ಬೆಳಕಿನ ಭಾಗವನ್ನು ತಗ್ಗಿಸುತ್ತದೆ. ಅದೂ ಇಡೀ ಚಿತ್ರಕ್ಕೆ ಒಂದೇ ಅಳತೆಯಲ್ಲಲ್ಲ, ಒಂದೊಂದು ಭಾಗಕ್ಕೆ ಒಂದೊಂದು ಅಳತೆಯಲ್ಲಿ. ಕಿರೀಟದ ಅಂಚಿನ ಸುತ್ತ ಕಪ್ಪು ಪರದೆಯ ಮೇಲೆ ತೆಳ್ಳಗೆ ಬೆಳಕಿನ ಬಳೆ ಕಂಡರೆ ಅದು ಇದರದ್ದೇ ಗುರುತು. ಮೊದಲ ಎರಡನ್ನು ಬಹುಮಟ್ಟಿಗೆ ಸರಿಮಾಡಬಹುದು. ಈ ಮೂರನೆಯದು ಪೂರ್ತಿ ಹೋಗುವುದಿಲ್ಲ, ಅದನ್ನು ಒಪ್ಪಿಕೊಂಡೇ ಕೆಲಸ ಶುರುಮಾಡಿ.

ಎಲ್ಲಿಂದ ಶುರು ಮಾಡುವುದು? ನಾನು ನೇರ ಕಲರ್ ವೀಲ್ ತಿರುಗಿಸುತ್ತೇನೆ.

ಅದೇ ತಪ್ಪು. ಮೊದಲು ಎರಡು ಕ್ಲಿಪ್‌ಗಳನ್ನೂ ಒಂದೇ ಲಿಪಿಗೆ ತನ್ನಿ. ಕಲರ್ ಪುಟದಲ್ಲಿ ಪ್ರತಿ ಕ್ಲಿಪ್‌ಗೆ ಮೂರು ನೋಡ್ ಹಾಕಿ. ನೋಡ್ ಎಂದರೆ ಬಣ್ಣದ ಕೆಲಸದ ಒಂದೊಂದು ಹಂತ. ಮೊದಲನೆಯದಕ್ಕೂ ಕೊನೆಯದಕ್ಕೂ Color Space Transform ಎಂಬ ಎಫೆಕ್ಟ್ ಎಳೆದು ಬಿಡಿ. ನಡುವಿನ ನೋಡ್ ಖಾಲಿ ಇರಲಿ, ನಿಮ್ಮ ಕೈಕೆಲಸವೆಲ್ಲ ಅಲ್ಲೇ.

```
ನೋಡ್ 1, ಕ್ಯಾಮೆರಾ:
  Input:  Sony S-Gamut3.Cine / Sony S-Log3
ನೋಡ್ 1, ಫೋನ್:
  Input:  Rec.2020 / Rec.2100 HLG
ಎರಡಕ್ಕೂ Output:
  DaVinci Wide Gamut / DaVinci Intermediate
ನೋಡ್ 3: ಅಲ್ಲಿಂದ Rec.709 / Gamma 2.4
```

ಇಷ್ಟಾದ ಕೂಡಲೇ ಅರ್ಧ ಜಗಳ ಮುಗಿದಿರುತ್ತದೆ. ಕ್ಯಾಮೆರಾದ ಚಿತ್ರಕ್ಕೆ ಜೀವ ಬರುತ್ತದೆ, ಫೋನಿನ ಚಿತ್ರದ ಕಣ್ಣುಕುಕ್ಕುವ ಹೊಳಪು ತಗ್ಗುತ್ತದೆ. ಫೋನಿನಲ್ಲಿ ಎಚ್‌ಡಿಆರ್ ಆಫ್ ಮಾಡಿ ತೆಗೆದಿದ್ದರೆ ಇನ್‌ಪುಟ್ ಕಡೆ Rec.709 ಎಂದು ಕೊಡಿ. ಯಾವುದರಲ್ಲಿ ತೆಗೆದದ್ದೆಂದು ತೆಗೆದವರಿಗೇ ನೆನಪಿಲ್ಲದಿದ್ದರೆ MediaInfo ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ನೋಡಿ. ಎಚ್‌ಎಲ್‌ಜಿ ಆಗಿದ್ದರೆ ಅಲ್ಲಿ ಬರೆದಿರುತ್ತದೆ.

ಯಾವುದನ್ನು ಯಾವುದಕ್ಕೆ ಹೊಂದಿಸಬೇಕು?

ಒಳ್ಳೆಯ ಕ್ಯಾಮೆರಾವನ್ನು ಆಧಾರ ಮಾಡಿಕೊಂಡು ಫೋನನ್ನು ಅದರ ಹತ್ತಿರ ತರುವುದು ವಾಡಿಕೆ. ಆದರೆ ಫೋನು ಎಷ್ಟು ಬರಬಲ್ಲದು ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಫೋನಿನಲ್ಲಿ ಕೆಂಪು ಬಟ್ಟೆ ಕುಂಕುಮದ ರಾಶಿಯ ಹಾಗೆ ನೆರಿಗೆಯೇ ಕಾಣದೆ ಗಟ್ಟಿಯಾಗಿದ್ದರೆ, ಅಲ್ಲಿ ಇರಬೇಕಾದ ವಿವರ ಫೈಲಿನಲ್ಲೇ ಇಲ್ಲ. ಕ್ಯಾಮೆರಾದ ಚಂದದ ಕೆಂಪಿಗೆ ಅದನ್ನು ಎಳೆದಷ್ಟೂ ಮಣ್ಣಿನ ಬಣ್ಣವಾಗುತ್ತದೆ. ಅಂಥಲ್ಲಿ ನಾನು ಒಳ್ಳೆಯ ಕ್ಯಾಮೆರಾವನ್ನೇ ಎರಡು ಹೆಜ್ಜೆ ಕೆಳಗಿಳಿಸುತ್ತೇನೆ. ಬೇಸರದ ಕೆಲಸ, ಆದರೆ ನೋಡುವವರಿಗೆ ಕಾಣುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ.

ಚರ್ಮದ ಬಣ್ಣ ನೋಡಿ ಹೊಂದಿಸಿ ಎನ್ನುತ್ತಾರೆ. ವೇಷಧಾರಿಯ ಮುಖಕ್ಕೆ ಬಣ್ಣ ಬಳಿದಿರುತ್ತದಲ್ಲ?

ಈ ಪ್ರಶ್ನೆ ಕೇಳಿದವರು ಸರಿಯಾಗಿ ಯೋಚಿಸಿದ್ದಾರೆ. ಚಿತ್ರದ ಬಣ್ಣಗಳನ್ನು ವೃತ್ತದಲ್ಲಿ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮದ ಬಣ್ಣಕ್ಕೆಂದು ಒಂದು ಗೆರೆ ಇರುತ್ತದೆ. ಕಪ್ಪಗಿದ್ದರೂ ಬೆಳ್ಳಗಿದ್ದರೂ ಮನುಷ್ಯರ ಚರ್ಮ ಹೆಚ್ಚುಕಡಿಮೆ ಆ ಗೆರೆಯ ಹತ್ತಿರವೇ ಬೀಳುತ್ತದೆ. ಮದುವೆ ವಿಡಿಯೊಗೆ ಅದು ಒಳ್ಳೆಯ ದಾರಿ. ಸಫೇತ, ಅರದಾಳ, ಇಂಗಲೀಕ ಹಚ್ಚಿದ ಮುಖಕ್ಕೆ ಆ ಗೆರೆ ಲೆಕ್ಕಕ್ಕಿಲ್ಲ. ಒಬ್ಬ ಹುಡುಗ ಪುಂಡುವೇಷದ ಮುಖವನ್ನು ಆ ಗೆರೆಗೆ ತಂದು ಕೂರಿಸಿದ್ದ, ಹಿಂದೆ ಕೂತ ಭಾಗವತರು ಕಾಮಾಲೆ ಬಂದವರ ಹಾಗೆ ಕಾಣುತ್ತಿದ್ದರು.

ನೋಡಬೇಕಾದ್ದು ಹಿಮ್ಮೇಳವನ್ನು. ಅವರ ಮುಖಕ್ಕೆ ಬಣ್ಣವಿಲ್ಲ, ಎರಡೂ ಕ್ಯಾಮೆರಾದಲ್ಲಿ ಅವರು ಸಿಗುತ್ತಾರೆ, ತಮ್ಮ ಜಾಗದಿಂದ ಕದಲುವುದಿಲ್ಲ. ಮೇಲಿಂದ ಬಿಳಿ ಜುಬ್ಬಾ. ಅಂದರೆ ಒಂದೇ ಜಾಗದಲ್ಲಿ ಬಿಳಿಯೂ ಚರ್ಮವೂ ಸಿಕ್ಕಿತು. ಮದ್ದಳೆಯವರ ಮುಂಗೈ ನನಗೆ ಎಲ್ಲಕ್ಕಿಂತ ಅನುಕೂಲ, ಮುಂಡಾಸಿನ ಕೆಂಪು ಪ್ರತಿಫಲನ ಅಲ್ಲಿಗೆ ಬೀಳುವುದಿಲ್ಲ.

ಒಂದು ಎಚ್ಚರಿಕೆ. ಜುಬ್ಬಾ ಬಿಳಿಯಾಗಿ ಕಾಣಲೆಂದೇ ಬಟ್ಟೆಗೆ ನೀಲಿ ಹಾಕುತ್ತಾರೆ, ಸೋಪಿನ ಪುಡಿಯಲ್ಲೂ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಹಾಗಾಗಿ ಜುಬ್ಬಾದ ಬಿಳಿ ನಿಜವಾದ ಬಿಳಿಯಲ್ಲ, ಚೂರು ನೀಲಿ. ಹೊಳಪಿನ ರಾಸಾಯನಿಕ ಹಗಲಿನ ಬೆಳಕಿಗೆ ಇನ್ನಷ್ಟು ನೀಲಿ ಕಾರುತ್ತದೆ. ಎರಡು ಕ್ಯಾಮೆರಾಗಳನ್ನು ಪರಸ್ಪರ ಹೊಂದಿಸಲು ಇದರಿಂದ ತೊಂದರೆಯಿಲ್ಲ, ಎರಡಕ್ಕೂ ಅದೇ ಜುಬ್ಬಾ ತಾನೆ. ಆದರೆ ಆ ಜುಬ್ಬಾವನ್ನು ಅಪ್ಪಟ ಬಿಳಿ ಮಾಡಲು ಹೊರಟರೆ ಇಡೀ ರಂಗಸ್ಥಳ ಹಳದಿಗೆ ತಿರುಗುತ್ತದೆ.

ಒಂದು ಶಾಟನ್ನು ಹಿಡಿದು ಮೊದಲಿಂದ ಕೊನೆಯವರೆಗೆ ತೋರಿಸುತ್ತೀರಾ?

ಸರಿ. ಭಾಗವತರು ಪದ ಎತ್ತುವ ಹೊತ್ತು, ಎರಡೂ ಕ್ಯಾಮೆರಾದಲ್ಲಿ ಹಿಮ್ಮೇಳವೂ ಹಿಂದಿನ ಕಪ್ಪು ಪರದೆಯೂ ಕಾಣುವ ಒಂದೇ ಕ್ಷಣವನ್ನು ಆರಿಸಿಕೊಂಡೆ. ಕ್ಯಾಮೆರಾದ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ Grab Still ಒತ್ತಿದೆ. ಆಮೇಲೆ ಫೋನಿನ ಕ್ಲಿಪ್‌ಗೆ ಹೋಗಿ ಆ ಸ್ಟಿಲ್ಲನ್ನು ಅರ್ಧ ಪರದೆಗೆ ವೈಪ್ ಹಾಕಿಕೊಂಡೆ. ಸ್ಕೋಪ್‌ನಲ್ಲಿ ಪೆರೇಡ್ ತೆರೆದೆ. ಕೆಂಪು, ಹಸಿರು, ನೀಲಿ ಮೂರನ್ನೂ 0ಯಿಂದ 1023ರವರೆಗಿನ ಅಳತೆಯಲ್ಲಿ ಪಕ್ಕಪಕ್ಕ ತೋರಿಸುವುದು ಅದೇ.

ಕ್ಯಾಮೆರಾದಲ್ಲಿ ಜುಬ್ಬಾ ಮೂರರಲ್ಲೂ 690ರ ಆಸುಪಾಸು. ಫೋನಿನಲ್ಲಿ ಕೆಂಪು 640, ಹಸಿರು 700, ನೀಲಿ 770. ಅಂದರೆ ಫೋನು ನೀಲಿಗೆ ವಾಲಿದೆ, ಕಣ್ಣಿಗೂ ಹಾಗೇ ಕಾಣುತ್ತಿತ್ತು. ಕಪ್ಪು ಪರದೆ ಕ್ಯಾಮೆರಾದಲ್ಲಿ 60, ಫೋನಿನಲ್ಲಿ 110.

ನಡುವಿನ ನೋಡ್‌ನಲ್ಲಿ ಮೊದಲು Offset ಹಿಡಿದೆ. ಕೆಂಪನ್ನು ಏರಿಸಿ, ನೀಲಿಯನ್ನು ಇಳಿಸಿ, ಹಸಿರನ್ನು ತುಸುವೇ ಇಳಿಸಿ ಜುಬ್ಬಾದ ಮೂರೂ ಗುಂಪುಗಳನ್ನು 690ಕ್ಕೆ ತಂದೆ. Offset ಯಾಕೆ ಎಂದರೆ, ನಡುವಿನ ನೋಡ್ ಲಾಗ್ ಲಿಪಿಯಲ್ಲಿದೆ. ಲಾಗ್‌ನಲ್ಲಿ ಒಂದು ಚಾನೆಲನ್ನು ಮೇಲೆ ಕೆಳಗೆ ಸರಿಸುವುದೆಂದರೆ ಕ್ಯಾಮೆರಾದೊಳಗೇ ವೈಟ್ ಬ್ಯಾಲೆನ್ಸ್ ಬದಲಿಸಿದ್ದಕ್ಕೆ ಸಮ. ಲೈಟಿನ ಬಣ್ಣ ಬದಲಾದ ಹಾಗೆ ಚಿತ್ರ ಬದಲಾಗುತ್ತದೆ, ಫಿಲ್ಟರ್ ಬಳಿದ ಹಾಗಲ್ಲ.

ಆಮೇಲೆ Lift ಇಳಿಸಿ ಪರದೆಯನ್ನು 60ಕ್ಕೆ ತಂದೆ. ಆಗ ಜುಬ್ಬಾ 675ಕ್ಕೆ ಜಾರಿತು. ಇದು ಯಾವಾಗಲೂ ಆಗುವುದೇ, ಗಾಬರಿ ಬೇಡ. Gain ಒಂದಿಷ್ಟು ಏರಿಸಿ ಸರಿಮಾಡಿ, ಮತ್ತೆ ಪರದೆ ನೋಡಿ. ಎರಡು ಮೂರು ಸಲ ಹೀಗೆ ಹಗ್ಗಜಗ್ಗಾಟ ಆದ ಮೇಲೆ ಎರಡೂ ನಿಲ್ಲುತ್ತವೆ.

ಬಿಳಿ ಕಪ್ಪು ಎರಡೂ ಸರಿಯಾದರೂ ಮದ್ದಳೆಯವರ ಕೈ ಫೋನಿನಲ್ಲಿ ಹೆಚ್ಚು ಬೆಳ್ಳಗಿತ್ತು. ಫೋನು ನಡುವಿನ ಛಾಯೆಗಳನ್ನು ಎತ್ತಿರುತ್ತದಲ್ಲ, ಅದು. Gamma ಚೂರು ಇಳಿಸಿದೆ. ಕೊನೆಗೆ Saturation 50ರಿಂದ 44ಕ್ಕೆ. ಈ ಕ್ರಮ ಮುಖ್ಯ: ಹೊಳಪು ಸರಿಯಾಗುವ ಮೊದಲು ಸ್ಯಾಚುರೇಶನ್ ಮುಟ್ಟಿದರೆ ಆಮೇಲೆ ಪುನಃ ಮುಟ್ಟಬೇಕಾಗುತ್ತದೆ, ಯಾಕೆಂದರೆ ಕಾಂಟ್ರಾಸ್ಟ್ ಹೆಚ್ಚಾದರೆ ಬಣ್ಣವೂ ಗಾಢವಾಗುತ್ತದೆ.

ಇಷ್ಟಕ್ಕೆ ಹತ್ತು ನಿಮಿಷ. ಫೋನಿನ ಉಳಿದ ಕ್ಲಿಪ್‌ಗಳನ್ನು ಆರಿಸಿ, ಈ ಕ್ಲಿಪ್ಪಿನ ಮೇಲೆ ಮೌಸಿನ ನಡುವಿನ ಗುಂಡಿ ಒತ್ತಿದರೆ ಅವಕ್ಕೂ ಇದೇ ಬಣ್ಣದ ತಿದ್ದುಪಡಿ, ಅಂದರೆ ಗ್ರೇಡ್, ಬೀಳುತ್ತದೆ.

ಬಿಳಿ, ಕಪ್ಪು, ಚರ್ಮ ಎಲ್ಲ ಹೊಂದಿತು. ಕೆಂಪು ಮಾತ್ರ ಹೊಂದುತ್ತಿಲ್ಲ!

ಯಕ್ಷಗಾನದಲ್ಲಿ ಎಲ್ಲರೂ ಬಂದು ನಿಲ್ಲುವುದು ಇಲ್ಲೇ. ಕ್ಯಾಮೆರಾದಲ್ಲಿ ಕಡು ಕೆಂಪಾಗಿರುವ ಬಟ್ಟೆ ಫೋನಿನಲ್ಲಿ ಕಿತ್ತಳೆಗೆ ಹೋಗಿರುತ್ತದೆ, ಇಲ್ಲವೇ ಗುಲಾಬಿಗೆ. ಸೆನ್ಸರಿನ ಮುಂದಿರುವ ಕೆಂಪು, ಹಸಿರು, ನೀಲಿ ಜಾಲರಿ ಒಂದೊಂದು ಕಂಪನಿಯದ್ದು ಒಂದೊಂದು ತರ. ಬಿಳಿಯನ್ನು ಸರಿಮಾಡಿದ ಮಾತ್ರಕ್ಕೆ ಗಾಢ ಬಣ್ಣಗಳು ಸರಿಯಾಗಲೇಬೇಕೆಂದಿಲ್ಲ.

ಇದಕ್ಕೆ ವೀಲ್ ಮುಟ್ಟಬೇಡಿ, ಮುಟ್ಟಿದರೆ ಜುಬ್ಬಾ ಕೆಡುತ್ತದೆ. ಕರ್ವ್ಸ್‌ನಲ್ಲಿ Hue Vs Hue ತೆರೆದು ಚಿತ್ರದಲ್ಲಿನ ಕೆಂಪು ಬಟ್ಟೆಯ ಮೇಲೆ ಕ್ಲಿಕ್ ಮಾಡಿ. ಗೆರೆಯ ಮೇಲೆ ಮೂರು ಚುಕ್ಕಿ ಬೀಳುತ್ತವೆ. ನಡುವಿನದನ್ನು ಮಾತ್ರ ಮೇಲೆ ಅಥವಾ ಕೆಳಗೆ ಮೆಲ್ಲ ಸರಿಸಿ. ಅದೇ ಹೊತ್ತಿಗೆ ಒಂದು ಕಣ್ಣು ಹಿಮ್ಮೇಳದವರ ಮುಖದ ಮೇಲಿರಲಿ. ಚರ್ಮ ಮತ್ತು ಕೆಂಪು ಒಂದಕ್ಕೊಂದು ನೆರೆಮನೆ, ಎಳೆದದ್ದು ಹೆಚ್ಚಾದರೆ ಮುಖವೂ ಜತೆಗೆ ಹೋಗುತ್ತದೆ.

ಇನ್ನು ಲೈಟಿನ ಕಡೆಯಿಂದಲೇ ಕೆಂಪು ಸತ್ತಿರುವುದೂ ಉಂಟು. ಅಗ್ಗದ ಬಿಳಿ ಎಲ್‌ಇಡಿ ಫ್ಲಡ್‌ಲೈಟ್‌ನಲ್ಲಿ ಕಡುಗೆಂಪು ಬೆಳಕು ಬಹಳ ಕಡಿಮೆ. ಡಬ್ಬಿಯ ಮೇಲೆ, ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎನ್ನುವ ಅಂಕ, ಸಿಆರ್‌ಐ 80 ಎಂದು ಬರೆದಿದ್ದರೂ ಆ ಲೆಕ್ಕವನ್ನು ತೆಗೆಯುವ ಎಂಟು ಮಾದರಿ ಬಣ್ಣಗಳಲ್ಲಿ ಕಡುಗೆಂಪು ಇಲ್ಲವೇ ಇಲ್ಲ. ಅದು R9 ಎಂದು ಬೇರೆಯೇ ಅಳೆಯುವ ಬಣ್ಣ. ಅಂಥ ಲೈಟಿನ ಕೆಳಗೆ ಬಣ್ಣದ ವೇಷ ಬಂದರೆ ಕೆಂಪು ಇಟ್ಟಿಗೆಯ ಹಾಗೆ ಕಾಣುತ್ತದೆ. ಹಳೆಯ ಹ್ಯಾಲೊಜನ್ ಕೆಳಗಿನ ಕ್ಲಿಪ್ ಜತೆ ಇದನ್ನು ಹೊಂದಿಸಬೇಕೆಂದರೆ Hue Vs Sat ಕರ್ವ್‌ನಲ್ಲಿ ಕೆಂಪನ್ನು ಎತ್ತಬೇಕು. ಒಂದು ಮಟ್ಟದ ಮೇಲೆ ಎತ್ತಿದರೆ ಕೆಂಪಿನಲ್ಲಿ ಕಾಳುಕಾಳು ಏಳುತ್ತದೆ, ಅಲ್ಲಿಗೆ ನಿಲ್ಲಿಸಿ.

ಫೋನಿನ ಕ್ಲಿಪ್ ಶುರುವಿನಲ್ಲಿ ಸರಿ ಇತ್ತು, ನಡುವೆ ತಾನಾಗಿ ಹಸಿರಾಗುತ್ತದೆ. ಯಾಕೆ?

ಆ ಹೊತ್ತಿಗೆ ದೊಡ್ಡ ಕೆಂಪು ವೇಷವೊಂದು ಫ್ರೇಮಿನೊಳಗೆ ಬಂದಿರುತ್ತದೆ, ನೋಡಿ. ಚಿತ್ರದ ತುಂಬ ಕೆಂಪು ಕಂಡ ಫೋನು ಲೈಟೇ ಕೆಂಪಾಯಿತೆಂದು ತಿಳಿದು ಬಣ್ಣವನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಖಾತ್ರಿ ಮಾಡಿಕೊಳ್ಳಲು ಕ್ಲಿಪ್ಪನ್ನು ಓಡಿಸುತ್ತ ಪೆರೇಡ್‌ನಲ್ಲಿ ಜುಬ್ಬಾವನ್ನು ಗಮನಿಸಿ. ಜುಬ್ಬಾ ಅಲ್ಲೇ ಕೂತಿದೆ, ಅದರ ಸಂಖ್ಯೆ ಮಾತ್ರ ನಡೆಯುತ್ತಿದ್ದರೆ ಕಳ್ಳ ಸಿಕ್ಕಿದ.

ಸಂಪಾದನೆಯಲ್ಲಿ ಎರಡು ದಾರಿ. ಬದಲಾವಣೆ ನಿಧಾನವಾಗಿ ಆಗಿದ್ದರೆ ಶುರುವಾದಲ್ಲಿ ಒಂದು, ಮುಗಿದಲ್ಲಿ ಒಂದು ಕೀಫ್ರೇಮ್ ಹಾಕಿ Offset ಅನ್ನು ಉಲ್ಟಾ ನಡೆಸಿ. ಹತ್ತು ಸಲ ಹಿಂದೆ ಮುಂದೆ ಆಗಿದ್ದರೆ ಅದು ಆಗದ ಕೆಲಸ, ಅಷ್ಟು ಭಾಗಕ್ಕೆ ಕ್ಯಾಮೆರಾದ ಶಾಟ್ ಹಾಕಿ ಮುಗಿಸಿ. ಚಿತ್ರೀಕರಣದಲ್ಲೇ ತಡೆಯುವುದಾದರೆ Blackmagic Camera ಎಂಬ ಉಚಿತ ಆಪ್‌ನಲ್ಲಿ ವೈಟ್ ಬ್ಯಾಲೆನ್ಸ್, ಐಎಸ್‌ಒ, ಶಟರ್ ಮೂರನ್ನೂ ಬೀಗ ಹಾಕಬಹುದು. ಆಟದ ವಿಡಿಯೊ ಮಾಡುವವರಿಗೆ ನಾನು ಒಂದೇ ಒಂದು ಸಲಹೆ ಕೊಡಬೇಕೆಂದರೆ ಇದನ್ನೇ ಕೊಡುತ್ತೇನೆ. ಫ್ರೇಮ್ ಪ್ರಮಾಣ 25, ಶಟರ್ 1/50 ಇರಲಿ. ನಮ್ಮ ವಿದ್ಯುತ್ತು 50 ಹರ್ಟ್ಜ್, ಅದಕ್ಕೆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ತಾನಾಗಿ 1/60 ಇಟ್ಟುಕೊಂಡರೆ ಚಿತ್ರದ ಮೇಲೆ ಪಟ್ಟೆ ಓಡುತ್ತದೆ, ಆ ಪಟ್ಟೆಗೆ ಬೇರೆಯದೇ ಬಣ್ಣ ಇರುತ್ತದೆ. ಜನರೇಟರ್ ಮೇಲೆ ಆಟ ನಡೆದರೆ ಈ 50 ಕೂಡ ಸರಿಯಾಗಿ 50 ಇರುವುದಿಲ್ಲ ಮಾರಾಯ್ರೆ.

ಗ್ರೇ ಕಾರ್ಡ್ ತಗೊಳ್ಳಬೇಕಾ?

ತಗೊಳ್ಳಿ. ಯಾವ ಬಣ್ಣಕ್ಕೂ ವಾಲದ ಬೂದು ಹಲಗೆ ಅದು. ಆಟ ಶುರುವಾಗುವ ಮೊದಲು, ರಂಗಸ್ಥಳದ ಲೈಟೆಲ್ಲ ಉರಿದ ಮೇಲೆ, ಭಾಗವತರು ಕೂರುವ ಜಾಗದಲ್ಲಿ ಯಾರಾದರೊಬ್ಬರು ಅದನ್ನು ಹಿಡಿದು ನಿಲ್ಲಲಿ. ಎಲ್ಲ ಕ್ಯಾಮೆರಾಗಳಲ್ಲೂ ಐದೈದು ಸೆಕೆಂಡ್ ತೆಗೆಯಿರಿ. ಬಿಳಿ ಹಾಳೆ ಹಿಡಿದರೆ ಸಾಲದೇ ಎಂದು ಕೇಳುತ್ತಾರೆ. ಹಾಳೆಯಲ್ಲೂ ಜುಬ್ಬಾದ್ದೇ ಕತೆ, ಹೊಳಪಿನ ರಾಸಾಯನಿಕ ಇರುತ್ತದೆ.

Shot Match ಒತ್ತಿದರೆ ತಾನೇ ಹೊಂದಿಸುತ್ತದಲ್ಲ?

ಒತ್ತಿ ನೋಡಿ. ಎರಡೂ ಕ್ಯಾಮೆರಾ ಒಂದೇ ಅಗಲದ ದೃಶ್ಯ ನೋಡುತ್ತಿದ್ದರೆ ಸುಮಾರಾಗಿ ಬರುತ್ತದೆ. ಒಂದರಲ್ಲಿ ಇಡೀ ರಂಗಸ್ಥಳ, ಇನ್ನೊಂದರಲ್ಲಿ ಕೆಂಪು ವೇಷದ ಹತ್ತಿರದ ಶಾಟ್ ಇದ್ದರೆ ಅದು ಫೋನಿನ ಹಾಗೆಯೇ ಮೋಸ ಹೋಗುತ್ತದೆ.

ಚೌಕಿಯ ಕ್ಲಿಪ್‌ಗಳು ಹಳದಿಯಾಗಿವೆ. ರಂಗಸ್ಥಳಕ್ಕೆ ಹೊಂದಿಸಬೇಕಾ?

ಬೇಡ. ಚೌಕಿಯಲ್ಲಿ ಗಣಪತಿಯ ಮುಂದೆ ದೀಪ, ಬಣ್ಣ ಹಾಕಿಕೊಳ್ಳುವವರ ಎದುರು ಹಳದಿ ಬಲ್ಬ್. ಅಲ್ಲಿ ಕೂತವರಿಗೂ ಅದು ಹಳದಿಯಾಗಿಯೇ ಕಂಡಿತ್ತು. ಅದನ್ನು ರಂಗಸ್ಥಳದ ಬಿಳಿಗೆ ಎಳೆದರೆ ಚೌಕಿ ಆಸ್ಪತ್ರೆಯ ವಾರ್ಡಿನ ಹಾಗೆ ಆಗುತ್ತದೆ. ಚೌಕಿಯ ಕ್ಲಿಪ್‌ಗಳನ್ನು ಅವುಗಳೊಳಗೇ ಹೊಂದಿಸಿ. ಹಳದಿ ತೀರಾ ಹೆಚ್ಚಾಗಿದ್ದರೆ ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿಸಿ ಬಿಟ್ಟುಬಿಡಿ. ಒಂದನ್ನು ಮಾತ್ರ ನಾನು ಬಿಡುವುದಿಲ್ಲ: ಒಂದು ಬದಿಯಿಂದ ಬಲ್ಬ್, ಇನ್ನೊಂದು ಬದಿಯಿಂದ ಟ್ಯೂಬ್‌ಲೈಟ್ ಬಿದ್ದು ಮುಖದ ಅರ್ಧ ಹಸಿರಾಗಿದ್ದರೆ, ಆ ಅರ್ಧಕ್ಕೆ ವಿಂಡೊ ಹಾಕಿ Tint ಅನ್ನು ನೇರಳೆಯ ಕಡೆಗೆ ಸ್ವಲ್ಪ ತಳ್ಳುತ್ತೇನೆ.

ದೊಂದಿ ಹಿಡಿದು ರಾಳದ ಪುಡಿ ಎರಚುತ್ತ ಮಹಿಷಾಸುರ ಜನರ ನಡುವಿನಿಂದ ಬರುವ ಹೊತ್ತಿಗೂ ಇದೇ ಮಾತು. ಬೆಂಕಿ ಭುಗಿಲೆದ್ದಾಗ ಎಲ್ಲ ಕಿತ್ತಳೆಯಾಗಬೇಕು. ಬೆಂಕಿ ಏಳುವ ಮೊದಲಿನ ಒಂದು ಫ್ರೇಮಿನಲ್ಲಿ ಎರಡು ಕ್ಯಾಮೆರಾ ಹೊಂದಿಸಿ, ಅದೇ ಗ್ರೇಡ್ ಅನ್ನು ಬೆಂಕಿಗೂ ಓಡಲು ಬಿಡಿ. ಬೆಂಕಿಯ ಫ್ರೇಮಿನಲ್ಲೇ ನಿಂತು ಹೊಂದಿಸಲು ಹೋಗಬೇಡಿ, ಅಲ್ಲಿ ಕೆಂಪು ಚಾನೆಲ್ ತುದಿಗೆ ಬಡಿದು ಚಪ್ಪಟೆಯಾಗಿರುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಚಂದ ಇತ್ತು, ಅವರ ಟಿವಿಯಲ್ಲಿ ಎಲ್ಲ ನೀಲಿ.

ನನಗೇ ಆಗಿದೆ. ರಾತ್ರಿ ಹತ್ತರ ಮೇಲೆ ಕೂತು ಎರಡು ದಿನ ಗ್ರೇಡ್ ಮಾಡಿ, ಪೆನ್‌ಡ್ರೈವ್ ಹಿಡಿದು ಆ ಮನೆಗೆ ಹೋದೆ. ಟಿವಿಗೆ ಹಾಕಿದರೆ ಭಾಗವತರಿಂದ ಹಿಡಿದು ಬಾಲಗೋಪಾಲರವರೆಗೆ ಎಲ್ಲರೂ ನೀಲಿ. ಮನೆಯ ಅಜ್ಜಿ, "ಇದೆಂತ ಮಾರಾಯ, ಎಲ್ಲರೂ ಕೃಷ್ಣನ ವೇಷವಾ?" ಎಂದರು. ಲ್ಯಾಪ್‌ಟಾಪಿನಲ್ಲಿ Night light ಆನ್ ಇತ್ತು. ಅದು ಪರದೆಯನ್ನು ಹಳದಿ ಮಾಡುತ್ತಿತ್ತು, ನಾನು ಕಣ್ಣಂದಾಜಿಗೆ ನೀಲಿ ಸೇರಿಸುತ್ತಾ ಹೋಗಿದ್ದೆ. ಅಂದು ಸ್ಕೋಪ್ ತೆರೆದೇ ಇರಲಿಲ್ಲ. ತೆರೆದಿದ್ದರೆ ಅದು ಹೇಳುತ್ತಿತ್ತು, ಸ್ಕೋಪ್‌ಗೆ ಪರದೆಯ ಹಂಗಿಲ್ಲ.

ಏನು ಮಾಡಿದರೂ ಒಂದು ಕಟ್‌ನಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ.

ಆ ಎರಡು ಶಾಟ್‌ಗಳ ನಡುವೆ ಚೆಂಡೆಯ ಕೋಲಿನದ್ದೋ, ಕಂಬಳಿ ಹೊದ್ದು ಕೂತ ಪ್ರೇಕ್ಷಕರದ್ದೋ ಎರಡು ಸೆಕೆಂಡಿನ ಶಾಟ್ ಹಾಕಿ. ಕಣ್ಣು ಹೋಲಿಸುವುದು ಅಕ್ಕಪಕ್ಕದವನ್ನು ಮಾತ್ರ.

ಬೆಳಗಿನ ಜಾವದ ಭಾಗವನ್ನು ಏನು ಮಾಡುವುದು? ಆಕಾಶ ನೀಲಿಯಾಗುತ್ತ ಬರುತ್ತದೆ.

ಕಾಲಮಿತಿಯ ಆಟವಾದರೆ ಈ ತಲೆಬಿಸಿಯಿಲ್ಲ. ಇಡೀ ರಾತ್ರಿಯ ಆಟದಲ್ಲಿ ಐದೂವರೆಯಿಂದ ಮಂಗಳದವರೆಗೆ ಗ್ರೇಡ್ ಒಂದೇ ಇಡಲಾಗದು. ಹಗಲಿನ ಬೆಳಕು ಬೆರೆಯುತ್ತ ಬಂದ ಹಾಗೆ ಜುಬ್ಬಾ ನೀಲಿಯಾಗುತ್ತದೆ, ಮುಖದ ಒಂದು ಬದಿ ಲೈಟಿನದ್ದು, ಇನ್ನೊಂದು ಬದಿ ಆಕಾಶದ್ದು. ನಾನು ಹತ್ತು ಹತ್ತು ನಿಮಿಷಕ್ಕೊಂದು ಜಾಗದಲ್ಲಿ ನಿಂತು ಎರಡು ಕ್ಯಾಮೆರಾಗಳನ್ನು ಪರಸ್ಪರ ಹೊಂದಿಸುತ್ತೇನೆ, ಹಿಂದಿನ ಹತ್ತು ನಿಮಿಷಕ್ಕೆ ಹೊಂದಿಸುವುದಿಲ್ಲ. ನೀಲಿ ಮೆಲ್ಲ ಏರಲಿ. ವೈಟ್ ಬ್ಯಾಲೆನ್ಸ್ ಬೀಗ ಹಾಕಿದ ಕ್ಯಾಮೆರಾದಲ್ಲಿ ಅದು ತಾನಾಗಿ ಏರಿರುತ್ತದೆ, ಫೋನಿಗೆ ಅದೇ ಏರಿಕೆಯನ್ನು ಕೀಫ್ರೇಮಿನಲ್ಲಿ ಕೊಡಬೇಕು. ಸುರತ್ಕಲ್ಲಿನ ಆ ಆಟದಲ್ಲಿ ಹೀಗೆ ನಾಲ್ಕು ಕಡೆ ನಿಂತೆ. ಕೊನೆಯದರಲ್ಲಿ ಫ್ಲಡ್‌ಲೈಟ್ ಆರಿಸಿಯಾಗಿತ್ತು, ಗದ್ದೆಯ ಹುಣಿಯ ಮೇಲೆ ಯಾರೋ ಚಾಪೆ ಸುತ್ತುತ್ತಿದ್ದರು. ಆ ಶಾಟ್‌ನಲ್ಲಿ ಫೋನಿಗೆ ನಾನು ಏನೂ ಮಾಡಬೇಕಾಗಿ ಬರಲಿಲ್ಲ.